ಹೋಲಿಸದೆ ಜೋಡಿಸುವ ಲೆಕ್ಕ

ಐದು ಅಂಕದ ಕಿರುಪರೀಕ್ಷೆ ಮುಗಿದಿದೆ. ಮೇಜಿನ ಮೇಲೆ ಎಂಟು ಉತ್ತರಪತ್ರಿಕೆಗಳು ಹಾಜರಿ ಪುಸ್ತಕದ ಕ್ರಮದಲ್ಲೇ, ಅಂದರೆ ಅಕಾರಾದಿಯಾಗಿ ಇವೆ. ಅನಿತಾಗೆ 3, ಇಮ್ರಾನ್‌ಗೆ 5, ಕಾವ್ಯಾಗೆ 3, ಗಣೇಶನಿಗೆ 1, ದೀಪಾಗೆ 4, ಮಂಜುವಿಗೆ 3, ರವಿಗೆ 5, ಸುಮಾಗೆ 1. ಇವನ್ನು ಕಡಿಮೆ ಅಂಕದಿಂದ ಹೆಚ್ಚು ಅಂಕಕ್ಕೆ ಜೋಡಿಸಬೇಕು. ಆದರೆ ಒಂದೇ ಅಂಕ ಪಡೆದವರ ಹೆಸರುಗಳು ಅಕಾರಾದಿಯಲ್ಲೇ ಉಳಿಯಬೇಕು.

ಜೋಡಿಸುವುದು ಎಂದ ಕೂಡಲೇ ಹೆಚ್ಚಿನವರಿಗೆ ಹೊಳೆಯುವುದು ಹೋಲಿಕೆ. ಎರಡು ಪತ್ರಿಕೆ ಎತ್ತಿಕೊಂಡು, ಯಾವುದರಲ್ಲಿ ಅಂಕ ಹೆಚ್ಚು ಎಂದು ನೋಡಿ, ಅದನ್ನು ಹಿಂದಕ್ಕೆ ಸರಿಸುವುದು. ಕಂಪ್ಯೂಟರಿನ ಹಲವು ವಿಂಗಡಣೆ ವಿಧಾನಗಳು ಮಾಡುವುದೂ ಇದನ್ನೇ. ಆದರೆ ಇಲ್ಲಿ ಅಂಕ ಸೊನ್ನೆಯಿಂದ ಐದರೊಳಗೇ ಇರಬೇಕು, ಆರೇ ಸಾಧ್ಯತೆಗಳು. ಇದು ಮೊದಲೇ ಗೊತ್ತಿರುವಾಗ ಯಾರನ್ನೂ ಯಾರ ಜೊತೆಗೂ ಹೋಲಿಸಬೇಕಾಗಿಲ್ಲ. ಎಣಿಸಿದರೆ ಸಾಕು. ಈ ವಿಧಾನಕ್ಕೆ ಕೌಂಟಿಂಗ್ ಸಾರ್ಟ್ ಎಂದು ಹೆಸರು. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಸೀವರ್ಡ್ 1954ರಲ್ಲಿ ಇದನ್ನು ಕಂಪ್ಯೂಟರಿಗೆ ಒಗ್ಗಿಸಿದರು.

ಒಂದು ಕಾಗದದ ಮೇಲೆ 0ಯಿಂದ 5ರವರೆಗೆ ಆರು ಮನೆ ಬರೆದುಕೊಳ್ಳಿ. ಪ್ರತಿ ಪತ್ರಿಕೆ ನೋಡಿದಾಗ ಆ ಅಂಕದ ಮನೆಯಲ್ಲಿ ಒಂದು ಗೀಟು ಹಾಕಿ. ಎಂಟೂ ಮುಗಿದಾಗ 1ರ ಮನೆಯಲ್ಲಿ ಎರಡು ಗೀಟು, 3ರಲ್ಲಿ ಮೂರು, 4ರಲ್ಲಿ ಒಂದು, 5ರಲ್ಲಿ ಎರಡು. 0 ಮತ್ತು 2ರ ಮನೆ ಖಾಲಿ. ಬೇಕಾದದ್ದು ಬರೀ ಅಂಕಗಳ ಪಟ್ಟಿಯಾದರೆ ಕೆಲಸ ಇಲ್ಲಿಗೇ ಮುಗಿಯಿತು. ಗೀಟು ನೋಡಿಕೊಂಡು 1, 1, 3, 3, 3, 4, 5, 5 ಎಂದು ಬರೆದರಾಯಿತು.

ಆದರೆ ಆ ಪಟ್ಟಿಯಲ್ಲಿ ಮಕ್ಕಳೇ ಇಲ್ಲ! ಗೀಟಿಗೆ ಹೆಸರಿರುವುದಿಲ್ಲ. ಮೂರು ಅಂಕ ಮೂವರಿಗೆ ಬಂತೆಂದು ಅದು ಹೇಳುತ್ತದೆ, ಯಾರಿಗೆ ಬಂತೆಂದು ಹೇಳುವುದಿಲ್ಲ. ಕಚೇರಿಯಲ್ಲಾಗಲಿ ಶಾಲೆಯಲ್ಲಾಗಲಿ ಜೋಡಿಸಬೇಕಾದದ್ದು ಬರಿಯ ಸಂಖ್ಯೆಗಳನ್ನಲ್ಲ, ದಾಖಲೆಗಳನ್ನು. ಅಂಕದ ಜೊತೆಗೆ ಹೆಸರು, ನೋಂದಣಿ ಸಂಖ್ಯೆ, ವಿಳಾಸ ಎಲ್ಲವೂ ಸಾಗಬೇಕು.

ಇದಕ್ಕೆ ಇರುವ ಉಪಾಯ ಮದುವೆ ಮನೆಯ ಪಂಕ್ತಿಯನ್ನು ನೆನಪಿಸುತ್ತದೆ. ಯಾವ ಮನೆಯಿಂದ ಎಷ್ಟು ಜನ ಬಂದಿದ್ದಾರೆಂದು ಗೊತ್ತಿದ್ದರೆ, ಅವರು ಕೂರುವ ಮೊದಲೇ ಯಾರ ಎಲೆ ಎಲ್ಲಿಂದ ಶುರುವಾಗುತ್ತದೆಂದು ಹೇಳಬಹುದು. ಇಲ್ಲೂ ಹಾಗೆಯೇ. ಪ್ರತಿ ಅಂಕಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕಿಂತ ಕಡಿಮೆ ಅಂಕದವರು ಎಷ್ಟು ಮಂದಿ? 1ಕ್ಕಿಂತ ಕಡಿಮೆ ಯಾರೂ ಇಲ್ಲ, ಆದ್ದರಿಂದ ಒಂದು ಅಂಕದವರು ಮೊದಲ ಜಾಗದಿಂದ. 3ಕ್ಕಿಂತ ಕಡಿಮೆ ಇಬ್ಬರು, ಮೂರು ಅಂಕದವರು ಮೂರನೆಯ ಜಾಗದಿಂದ. 4ಕ್ಕಿಂತ ಕಡಿಮೆ ಐವರು, ದೀಪಾಳ ಜಾಗ ಆರನೆಯದು. 5ಕ್ಕಿಂತ ಕಡಿಮೆ ಆರು ಮಂದಿ, ಅವರದು ಏಳರಿಂದ.

ಈಗ ಪತ್ರಿಕೆಗಳ ಕಟ್ಟನ್ನು ಮೊದಲಿನಿಂದ ಇನ್ನೊಮ್ಮೆ ತಿರುವಬೇಕು. ಅನಿತಾ ಮೂರನೆಯ ಜಾಗಕ್ಕೆ ಹೋಗುತ್ತಾಳೆ, ಮೂರು ಅಂಕದ ಮುಂದಿನ ಖಾಲಿ ಜಾಗ ನಾಲ್ಕನೆಯದಾಗುತ್ತದೆ. ಇಮ್ರಾನ್ ಏಳಕ್ಕೆ. ಕಾವ್ಯಾ ನಾಲ್ಕಕ್ಕೆ. ಗಣೇಶ ಒಂದಕ್ಕೆ. ದೀಪಾ ಆರಕ್ಕೆ, ಮಂಜು ಐದಕ್ಕೆ, ರವಿ ಎಂಟಕ್ಕೆ, ಸುಮಾ ಎರಡಕ್ಕೆ. ಕೊನೆಗೆ ಸಿಗುವ ಸಾಲು: ಗಣೇಶ, ಸುಮಾ, ಅನಿತಾ, ಕಾವ್ಯಾ, ಮಂಜು, ದೀಪಾ, ಇಮ್ರಾನ್, ರವಿ. ಮೂರು ಅಂಕದ ಮೂವರೂ ಅಕಾರಾದಿಯಲ್ಲೇ ಉಳಿದಿದ್ದಾರೆ. ಹೀಗೆ ಸಮಾನರ ಹಳೆಯ ಕ್ರಮವನ್ನು ಕೆಡಿಸದ ಜೋಡಣೆಗೆ ಸ್ಥಿರ ವಿಂಗಡಣೆ ಎನ್ನುತ್ತಾರೆ.

ಪೈಥಾನ್‌ನಲ್ಲಿ ಇಡೀ ಕೆಲಸ ಇಷ್ಟೇ. ಕಂಪ್ಯೂಟರ್ ಜಾಗಗಳನ್ನು ಸೊನ್ನೆಯಿಂದ ಎಣಿಸುತ್ತದೆ ಎಂಬುದೊಂದೇ ವ್ಯತ್ಯಾಸ:

```python
def sort_by_marks(records, max_marks):
    count = [0] * (max_marks + 1)
    for name, m in records:
        count[m] += 1
    start = [0] * (max_marks + 1)
    for m in range(1, max_marks + 1):
        start[m] = start[m - 1] + count[m - 1]
    out = [None] * len(records)
    for name, m in records:
        out[start[m]] = (name, m)
        start[m] += 1
    return out
```

ಹಲವು ಪಠ್ಯಪುಸ್ತಕಗಳಲ್ಲಿ ಇದೇ ವಿಧಾನ ಸ್ವಲ್ಪ ಬೇರೆ ರೂಪದಲ್ಲಿದೆ. ಅಲ್ಲಿ ಪ್ರತಿ ಗುಂಪಿನ ಮೊದಲ ಜಾಗದ ಬದಲು ಕೊನೆಯ ಜಾಗವನ್ನು ಲೆಕ್ಕ ಹಾಕಿ, ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಅದೂ ಸರಿಯೇ. ತಪ್ಪಾಗುವುದು ಎರಡನ್ನೂ ಬೆರೆಸಿದಾಗ. ಕೊನೆಯ ಜಾಗ ಹಿಡಿದುಕೊಂಡು ಪಟ್ಟಿಯನ್ನು ಮುಂದಿನಿಂದ ಓದಿದರೆ ಅನಿತಾ ಐದನೆಯ ಜಾಗಕ್ಕೆ, ಕಾವ್ಯಾ ನಾಲ್ಕಕ್ಕೆ, ಮಂಜು ಮೂರಕ್ಕೆ ಬೀಳುತ್ತಾರೆ. ಅಂಕಗಳ ಕಾಲಂ ಆಗಲೂ 1, 1, 3, 3, 3, 4, 5, 5 ಎಂದೇ ಕಾಣುತ್ತದೆ. ಅಂಕವನ್ನಷ್ಟೇ ಪರೀಕ್ಷಿಸುವವರಿಗೆ ಈ ತಪ್ಪು ಎಂದೂ ಸಿಗುವುದಿಲ್ಲ. ಹೆಸರಿನ ಕಾಲಂ ನೋಡಬೇಕು.

ಎಂಟು ಮಕ್ಕಳಿಗೆ ಇಷ್ಟೆಲ್ಲ ಬೇಕೆ ಎನಿಸಬಹುದು. ಎಂಟರ ಬದಲು ಎಂಟು ಲಕ್ಷ ಎಸ್ಸೆಸ್ಸೆಲ್ಸಿ ಫಲಿತಾಂಶಗಳಿವೆ ಎಂದುಕೊಳ್ಳಿ. ಒಟ್ಟು ಅಂಕ 625, ಆದ್ದರಿಂದ ಬೇಕಾದದ್ದು 626 ಮನೆ ಮಾತ್ರ. ಮರ್ಜ್ ಸಾರ್ಟ್‌ನಂಥ ಹೋಲಿಕೆಯ ವಿಧಾನಕ್ಕೆ ಸುಮಾರು ಒಂದೂವರೆ ಕೋಟಿ ಹೋಲಿಕೆ ಬೇಕಾಗುತ್ತದೆ. ಎಣಿಕೆಯ ವಿಧಾನ ಪಟ್ಟಿಯನ್ನು ಎರಡು ಬಾರಿ ಓದಿ, ನಡುವೆ 626 ಮನೆಗಳ ಮೇಲೊಮ್ಮೆ ಹಾದು ಹೋಗುತ್ತದೆ. ಫಲಿತಾಂಶ ಇಡಲು ಅಷ್ಟೇ ಉದ್ದದ ಇನ್ನೊಂದು ಪಟ್ಟಿ ಬೇಕೆಂಬುದು ಇದರ ಖರ್ಚು.

ಅದೇ ಎಂಟು ಲಕ್ಷ ಜನರನ್ನು ಹತ್ತಂಕಿಯ ಮೊಬೈಲ್ ಸಂಖ್ಯೆಯ ಪ್ರಕಾರ ಜೋಡಿಸಲು ಹೊರಟರೆ ಮಾತ್ರ ವಿಧಾನ ಕೈಕೊಡುತ್ತದೆ. ಸಾಧ್ಯವಿರುವ ಪ್ರತಿ ಸಂಖ್ಯೆಗೂ ಒಂದು ಮನೆ ಎಂದರೆ ಸಾವಿರ ಕೋಟಿ ಮನೆ. ಮನೆಗೆ ನಾಲ್ಕು ಬೈಟ್ ಇಟ್ಟರೂ 40 ಗಿಗಾಬೈಟ್ ನೆನಪು ಬೇಕು, ಅದರಲ್ಲಿ ಬಹುಪಾಲು ಸೊನ್ನೆಗಳೇ. ವ್ಯಾಪ್ತಿ ಚಿಕ್ಕದಿರಬೇಕೆಂಬ ಷರತ್ತು ಇರುವುದು ಇದಕ್ಕೇ. ಅರ್ಧ ಅಂಕಗಳು ಅಷ್ಟು ದೊಡ್ಡ ತೊಡಕಲ್ಲ. ಎಲ್ಲವನ್ನೂ ಎರಡರಿಂದ ಗುಣಿಸಿಕೊಂಡರೆ 37.5 ಎಂಬುದು 75ನೆಯ ಮನೆಗೆ ಹೋಗುತ್ತದೆ. ಗೈರುಹಾಜರಾದವರಿಗೆ ಬೇರೆಯೇ ಒಂದು ಮನೆ ಕೊಡಬೇಕು. ಅವರನ್ನು ಸೊನ್ನೆಯ ಮನೆಗೆ ಸೇರಿಸಿದರೆ ದಾಖಲೆಯೇ ಸುಳ್ಳಾಗುತ್ತದೆ.

ದೊಡ್ಡ ಸಂಖ್ಯೆಗಳಿಗೂ ದಾರಿ ಇದೆ. ಅದು ತೆರೆಯುವುದು ಸ್ಥಿರತೆಯಿಂದಲೇ. ಜನ್ಮದಿನಾಂಕದ ಪ್ರಕಾರ ಜೋಡಿಸಬೇಕೆನ್ನಿ. ಮೊದಲು ತಾರೀಖಿನ ಮೇಲೆ 31 ಮನೆಗಳಲ್ಲಿ, ಆಮೇಲೆ ತಿಂಗಳ ಮೇಲೆ 12 ಮನೆಗಳಲ್ಲಿ, ಕೊನೆಗೆ ವರ್ಷದ ಮೇಲೆ ಜೋಡಿಸಿದರೆ ಮುಗಿಯಿತು. 2010ರ ಮಾರ್ಚ್ 4ರಂದು ಹುಟ್ಟಿದವಳು ಮೊದಲ ಸುತ್ತಿನಲ್ಲೇ ಮಾರ್ಚ್ 15ರವನಿಗಿಂತ ಮುಂದಿರುತ್ತಾಳೆ. ತಿಂಗಳ ಸುತ್ತಿನಲ್ಲಿ ಇಬ್ಬರೂ ಒಂದೇ ಮನೆಗೆ ಬಂದರೂ, ವಿಂಗಡಣೆ ಸ್ಥಿರವಾಗಿರುವುದರಿಂದ ಅವಳು ಮುಂದೆಯೇ ಉಳಿಯುತ್ತಾಳೆ. ಸ್ಥಿರವಲ್ಲದಿದ್ದರೆ ಮೊದಲ ಸುತ್ತಿನ ದುಡಿಮೆಯೆಲ್ಲ ಎರಡನೆಯ ಸುತ್ತಿನಲ್ಲಿ ಚೆಲ್ಲಿಹೋಗುತ್ತದೆ. ಮೊಬೈಲ್ ಸಂಖ್ಯೆಗೂ ಹೀಗೆಯೇ: ಬಿಡಿ ಸ್ಥಾನದಿಂದ ಶುರುಮಾಡಿ ಹತ್ತು ಸುತ್ತು, ಪ್ರತಿ ಸುತ್ತಿಗೆ ಹತ್ತೇ ಮನೆ. ಇದನ್ನು ರೇಡಿಕ್ಸ್ ಸಾರ್ಟ್ ಎನ್ನುತ್ತಾರೆ. ಸೀವರ್ಡ್ ಅದೇ ವರ್ಷ ಇದನ್ನೂ ಬರೆದಿಟ್ಟರು.

ಕಂಪ್ಯೂಟರಿಗಿಂತ ಮುಂಚೆಯೇ ಈ ಕೆಲಸ ರಂಧ್ರ ಕೊರೆದ ಕಾರ್ಡುಗಳ ಮೇಲೆ ನಡೆಯುತ್ತಿತ್ತು. ಐಬಿಎಂನ 80 ಕಾಲಂ ಕಾರ್ಡು ಬಂದದ್ದು 1928ರಲ್ಲಿ. ವಿಂಗಡಿಸುವ ಯಂತ್ರ ಒಂದು ಸಲಕ್ಕೆ ಒಂದು ಕಾಲಂ ಮಾತ್ರ ಓದಿ ಕಾರ್ಡನ್ನು ಅದರ ಖಾನೆಗೆ ಬೀಳಿಸುತ್ತಿತ್ತು. ನಿರ್ವಾಹಕರು ಖಾನೆಗಳ ಕಟ್ಟುಗಳನ್ನು ಕ್ರಮವಾಗಿ ಎತ್ತಿ, ಒಂದರ ಮೇಲೊಂದಿಟ್ಟು, ಮುಂದಿನ ಕಾಲಂಗಾಗಿ ಮತ್ತೆ ಯಂತ್ರಕ್ಕೆ ಹಾಕುತ್ತಿದ್ದರು. ಒಂದು ಕಟ್ಟು ಕೈಯಲ್ಲಿ ಕಲಸಿಹೋದರೆ ಮೊದಲ ಕಾಲಂನಿಂದ ಮತ್ತೆ ಶುರುಮಾಡಬೇಕಿತ್ತು.

ಈ ಕೋಡನ್ನು ಸ್ವತಃ ಬರೆದು ನೋಡುವವರು ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಅಂಕದ ಮೂವರನ್ನಾದರೂ ಇಟ್ಟುಕೊಳ್ಳಿ, ಉತ್ತರ ಬಂದಾಗ ಮೊದಲು ಅವರ ಹೆಸರುಗಳ ಕ್ರಮವನ್ನು ಓದಿ.