ನೆಲ ಮುಟ್ಟದ ಪಾದ

ಅನ್‌ರಿಯಲ್ ಎಂಜಿನ್‌ನಲ್ಲಿ ವಯಸ್ಕನ ನಡಿಗೆಯನ್ನು ಮಗುವಿನ ಪಾತ್ರಕ್ಕೆ ಹಾಕಿದರೆ, ಮಗು ಗಾಳಿಯಲ್ಲಿ ನಡೆಯುವುದುಂಟು. ಕಾರಣ ಸೊಂಟದ ಎತ್ತರ. ಅನಿಮೇಷನ್ ಫೈಲಿನಲ್ಲಿ ಕಾಲಿನ ಮಡಿಕೆಗಳ ಜೊತೆಗೆ ಸೊಂಟ ನೆಲದಿಂದ ಎಷ್ಟು ಮೇಲಿದೆ ಎಂಬುದೂ ದಾಖಲಾಗಿರುತ್ತದೆ. ವಯಸ್ಕನ ಸೊಂಟ 100 ಸೆಂ.ಮೀ., ಮಗುವಿನದು 60 ಎಂದುಕೊಳ್ಳಿ. ಆ 100 ಹಾಗೆಯೇ ಬಂದರೆ ಪಾದಗಳು ನೆಲದಿಂದ 40 ಸೆಂ.ಮೀ. ಮೇಲೆ ಉಳಿಯುತ್ತವೆ. ಮಗುವಿನ ನಡಿಗೆಯನ್ನು ವಯಸ್ಕನಿಗೆ ಹಾಕಿದರೆ ಅವನು ಅಷ್ಟೇ ಹೂತುಹೋಗುತ್ತಾನೆ.

ಇಡೀ ಪಾತ್ರವನ್ನು 40 ಸೆಂ.ಮೀ. ಕೆಳಗಿಳಿಸಿದರೆ ನಿಂತಾಗ ಸರಿಕಾಣುತ್ತದೆ. ಆದರೆ ವಯಸ್ಕ ಕುಕ್ಕರಿಸಿ ಸೊಂಟ 50ಕ್ಕೆ ಇಳಿದಾಗ ಮಗುವಿನ ಸೊಂಟ 10ಕ್ಕೆ ಬರುತ್ತದೆ, ಬೇಕಾದದ್ದು 30. ಪಾದಗಳು 20 ಸೆಂ.ಮೀ. ನೆಲದೊಳಗೆ! ಆದ್ದರಿಂದ ಸೊಂಟದ ಮೂಳೆಗೆ Animation ಬದಲು Animation Scaled ಆರಿಸಬೇಕು. ಆಗ ಎತ್ತರ ಅನುಪಾತದಲ್ಲಿ ಇಳಿಯುತ್ತದೆ.

ಅನಿಮೇಷನ್ ಇಲ್ಲದೆ ಸುಮ್ಮನೆ ನಿಂತಾಗಲೂ ಪಾತ್ರ ತೇಲಿದರೆ ತಪ್ಪು ಬೇರೆ ಕಡೆ ಇದೆ. ಪಾತ್ರವನ್ನು ಸುತ್ತುವರಿದ ಕ್ಯಾಪ್ಸೂಲಿನ ಅಳತೆ ಅದರ ನಡುಮಧ್ಯದಿಂದ ಶುರು. ಅರ್ಧ ಎತ್ತರ 88 ಇದ್ದರೆ ಪಾತ್ರದ Z ಅನ್ನು ಸುಮಾರು -88ಕ್ಕೆ ಇಳಿಸಬೇಕು.