ಚಾಟ್ ಮುಟ್ಟದೆ ವಾಟ್ಸ್‌ಆ್ಯಪ್‌ನ ಪಟ್ಟಿಗಳನ್ನು ಖಾಲಿ ಮಾಡುವುದು

ಒಂದು ಹೊಲಿಗೆ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಂಗಡಿ ನಡೆಸುವ ಅಕ್ಕನ ವ್ಯವಹಾರವೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಸಾಗುತ್ತದೆ. ಗಿರಾಕಿಗಳು ಬ್ಲೌಸಿನ ಅಳತೆ ಬರೆದು ಕಳಿಸುತ್ತಾರೆ, ಕತ್ತಿನ ಡಿಸೈನಿನ ಫೋಟೊ ಕಳಿಸುತ್ತಾರೆ, ಸೀರೆಗೆ ಫಾಲ್ ಹಚ್ಚಿ ಆಯಿತೇ ಎಂದು ಕರೆ ಮಾಡಿ ಕೇಳುತ್ತಾರೆ. ಅಳತೆಯ ಸಂದೇಶಗಳು ಕೈಗೆ ಬೇಗ ಸಿಗಲೆಂದು ಅಕ್ಕ ಅವಕ್ಕೆಲ್ಲ ನಕ್ಷತ್ರದ ಗುರುತು ಹಾಕಿದ್ದಾರೆ. ದೀಪಾವಳಿಯ ಗದ್ದಲ ಮುಗಿದಾಗ ಮೂರು ಕಡೆ ರಾಶಿ ಬಿದ್ದಿರುತ್ತದೆ: ಕೊನೆಯೇ ಕಾಣದ ಕರೆಗಳ ಪಟ್ಟಿ, ಹಳೆಯ ಆರ್ಡರುಗಳಿಂದ ತುಂಬಿದ ನಕ್ಷತ್ರದ ಪಟ್ಟಿ, ಮನೆಯ ಮಕ್ಕಳು ಸೇರಿಸಿಟ್ಟ ಸ್ಟಿಕ್ಕರುಗಳು. ಇವನ್ನು ತೆಗೆಯಬೇಕು, ಆದರೆ ಗಿರಾಕಿಗಳ ಚಾಟ್‌ನಿಂದ ಒಂದು ಸಾಲೂ ಹೋಗಬಾರದು.

ಇದು ಆಗುವ ಕೆಲಸ. ಆದರೆ ಅಳಿಸುವ ಗುಂಡಿ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಇಲ್ಲ. ಕೆಲವು ಗುಂಡಿಗಳು ಪಟ್ಟಿಯನ್ನಷ್ಟೇ ಅಳಿಸಿದರೆ ಕೆಲವು ಸಂದೇಶವನ್ನೇ ಅಳಿಸುತ್ತವೆ, ಮತ್ತು ಎರಡೂ ಬಗೆಯವು ಅಕ್ಕಪಕ್ಕದಲ್ಲೇ ಇರುತ್ತವೆ.

ಮೊದಲು ಕರೆಗಳು. ಮೂರರಲ್ಲಿ ಇದು ಸುಲಭ, ಏಕೆಂದರೆ ಕರೆಗಳ ಪಟ್ಟಿ ಚಾಟ್‌ಗಳಿಂದ ಬೇರೆಯಾಗಿಯೇ ಇದೆ. ಆಂಡ್ರಾಯ್ಡ್ ಫೋನಿನಲ್ಲಿ Calls ಪುಟಕ್ಕೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿದರೆ Clear call log ಕಾಣುತ್ತದೆ. ಅದನ್ನು ಒತ್ತಿ ಒಪ್ಪಿಗೆ ಕೊಟ್ಟರೆ ಇಡೀ ಪಟ್ಟಿ ಖಾಲಿ. ಐಫೋನಿನಲ್ಲೂ ಅದೇ ಪುಟದ ಮೇಲ್ತುದಿಯಲ್ಲೇ ಈ ಆಯ್ಕೆ ಸಿಗುತ್ತದೆ. ಒಂದೆರಡು ಕರೆಗಳನ್ನಷ್ಟೇ ತೆಗೆಯುವುದಾದರೆ ಆಂಡ್ರಾಯ್ಡ್‌ನಲ್ಲಿ ಆ ಸಾಲನ್ನು ಒತ್ತಿ ಹಿಡಿದು ಕಸದಬುಟ್ಟಿಯ ಚಿತ್ರ ಒತ್ತಬೇಕು. ಐಫೋನಿನಲ್ಲಿ ಸಾಲನ್ನು ಎಡಕ್ಕೆ ಸರಿಸಬೇಕು.

ಒತ್ತುವ ಮೊದಲು ಒಮ್ಮೆ ಪಟ್ಟಿಯ ಮೇಲೆ ಕಣ್ಣಾಡಿಸಿ, ಹೆಸರಿಲ್ಲದೆ ಬರೀ ನಂಬರ್ ಇರುವ ಸಾಲುಗಳನ್ನು ಹುಡುಕಿ. ಹೊಸ ಗಿರಾಕಿ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಿ ಮಾತಾಡಿ ಇಟ್ಟಿದ್ದಾರೆ, ಸಂದೇಶ ಕಳಿಸಿಲ್ಲ, ಅಕ್ಕ ನಂಬರ್ ಉಳಿಸಿಕೊಂಡಿಲ್ಲ ಎಂದುಕೊಳ್ಳೋಣ. ಆ ನಂಬರ್ ಸುಲಭವಾಗಿ ಸಿಗುವ ಜಾಗ ಈ ಪಟ್ಟಿಯೇ ಆಗಿರಬಹುದು. ಪಟ್ಟಿ ಹೋದರೆ ನಂಬರೂ ಕೈತಪ್ಪಬಹುದು. ಹಾಗಾಗಿ ಬೇಕಾದವರ ನಂಬರನ್ನು ಹೆಸರು ಹಾಕಿ ಉಳಿಸಿಕೊಂಡೇ ಮುಂದಕ್ಕೆ ಹೋಗಬೇಕು.

ಈ ಅಳಿಸುವಿಕೆ ನಮ್ಮ ಕಡೆಯ ಪಟ್ಟಿಗೆ ಮಾತ್ರ. ಕರೆ ಮಾಡಿದವರ ಫೋನಿನಲ್ಲಿ ಆ ಕರೆಯ ದಾಖಲೆ ಹಾಗೆಯೇ ಇರುತ್ತದೆ. ನಮ್ಮ ಫೋನಿನಲ್ಲೂ ಇನ್ನೊಂದು ಕುರುಹು ಉಳಿಯಬಹುದು. ಚಾಟ್ ತೆರೆದರೆ ಸಂದೇಶಗಳ ನಡುವೆ ಮಿಸ್ಡ್ ಕಾಲ್ ಬಂದಿತ್ತೆಂದು ತಿಳಿಸುವ ಸಾಲು ಕಾಣುತ್ತದಲ್ಲ, ಅದು ಚಾಟ್‌ಗೆ ಸೇರಿದ್ದು. Calls ಪುಟ ಖಾಲಿಯಾದ ಮೇಲೂ ಅದು ಅಲ್ಲಿ ಕಂಡರೆ ಗಾಬರಿ ಬೇಡ. ಬೇಡವೆನಿಸಿದರೆ ಆ ಸಾಲನ್ನಷ್ಟೇ ಒತ್ತಿ ಹಿಡಿದು ಅಳಿಸಬಹುದು.

ನಕ್ಷತ್ರದ ಸಂದೇಶಗಳ ವಿಷಯಕ್ಕೆ ಬಂದಾಗ ಹೆಚ್ಚು ಎಚ್ಚರ ಬೇಕು. ನಕ್ಷತ್ರ ಹಾಕಿದಾಗ ಸಂದೇಶದ ಇನ್ನೊಂದು ಪ್ರತಿ ಎಲ್ಲೂ ಹುಟ್ಟುವುದಿಲ್ಲ. ಪುಸ್ತಕದ ಹಾಳೆಯ ಮೂಲೆ ಮಡಚಿದಂತೆ, ಸಂದೇಶ ಇದ್ದ ಚಾಟ್‌ನಲ್ಲೇ ಇರುತ್ತದೆ, ಅದಕ್ಕೊಂದು ಗುರುತು ಬೀಳುತ್ತದೆ ಅಷ್ಟೆ. ಆಂಡ್ರಾಯ್ಡ್‌ನಲ್ಲಿ ಮೂರು ಚುಕ್ಕಿಯ ಪಟ್ಟಿಯಲ್ಲಿ, ಐಫೋನಿನಲ್ಲಿ ಸೆಟ್ಟಿಂಗ್ಸ್ ಪುಟದಲ್ಲಿ Starred ಎಂದು ಕಾಣುವುದು ಆ ಗುರುತಿರುವ ಸಂದೇಶಗಳನ್ನು ಒಂದೆಡೆ ತೋರಿಸುವ ನೋಟ. ಗುರುತು ಹಾಕಿದ್ದಾಗಲಿ ತೆಗೆದದ್ದಾಗಲಿ ಎದುರಿನವರಿಗೆ ತಿಳಿಯುವುದಿಲ್ಲ.

ಅಲ್ಲಿ ಕಾಣುವುದು ಮೂಲ ಸಂದೇಶವೇ ಆದ್ದರಿಂದ ಅಪಾಯವೂ ಅಲ್ಲೇ ಇದೆ. ನಮ್ಮ ಅಕ್ಕ Starred ಪುಟ ತೆರೆದು, ಹೊಲಿದು ಕೊಟ್ಟಾದ ಒಂದು ಬ್ಲೌಸಿನ ಅಳತೆಯನ್ನು ಒತ್ತಿ ಹಿಡಿಯುತ್ತಾರೆ. ಮೇಲೆ ಚಿತ್ರಗಳ ಒಂದು ಸಾಲು ಬರುತ್ತದೆ. ಅದರಲ್ಲಿ ಅಡ್ಡಗೆರೆ ಎಳೆದ ನಕ್ಷತ್ರವೂ ಇದೆ, ಕಸದಬುಟ್ಟಿಯೂ ಇದೆ. ಅಡ್ಡಗೆರೆಯ ನಕ್ಷತ್ರ ಒತ್ತಿದರೆ ಗುರುತು ಹೋಗುತ್ತದೆ, ಅಳತೆ ಗಿರಾಕಿಯ ಚಾಟ್‌ನಲ್ಲಿ ಉಳಿಯುತ್ತದೆ. ಕಸದಬುಟ್ಟಿ ಒತ್ತಿ ಒಪ್ಪಿಕೊಂಡರೆ ಅಳತೆಯೇ ಚಾಟ್‌ನಿಂದ ಹೋಗುತ್ತದೆ. ಪಟ್ಟಿಯಿಂದ ತೆಗೆಯುವುದೆಂದರೆ ಕಸದಬುಟ್ಟಿಯೇ ಇರಬೇಕು ಎಂದುಕೊಳ್ಳುವುದು ಸಹಜ. ಇಲ್ಲಿ ಆ ಊಹೆ ತಪ್ಪು. Delete for me ಒತ್ತಿದ ತಕ್ಷಣ ಕೆಲವೇ ಸೆಕೆಂಡು Undo ಎಂಬ ಪಟ್ಟಿ ಕಾಣುತ್ತದೆ. ತಪ್ಪು ಗೊತ್ತಾದರೆ ಆಗಲೇ ಅದನ್ನು ಒತ್ತಿಬಿಡಬೇಕು.

ಎಲ್ಲ ಗುರುತುಗಳನ್ನೂ ಒಟ್ಟಿಗೆ ತೆಗೆಯಲು ಆಂಡ್ರಾಯ್ಡ್‌ನ Starred ಪುಟದಲ್ಲೇ ಮೂರು ಚುಕ್ಕಿ ಒತ್ತಿದರೆ Unstar all ಇದೆ. ಇದರಿಂದ ಒಂದು ಸಂದೇಶವೂ ಅಳಿಯುವುದಿಲ್ಲ. ಆದರೆ ಯಾವ ಸಂದೇಶಗಳಿಗೆ ಗುರುತು ಇತ್ತೆಂಬುದು ಆಮೇಲೆ ಎಲ್ಲೂ ಸಿಗುವುದಿಲ್ಲ, ಮತ್ತೆ ಹುಡುಕಿ ಹುಡುಕಿ ಹಾಕಬೇಕು. ಆದ್ದರಿಂದ ಇನ್ನೂ ಹೊಲಿಯಬೇಕಾದ ಆರ್ಡರುಗಳ ಅಳತೆಯನ್ನು ಅಕ್ಕ ಮೊದಲೇ ತಮ್ಮದೇ ನಂಬರಿನ ಚಾಟ್‌ಗೆ ಫಾರ್ವರ್ಡ್ ಮಾಡಿಕೊಳ್ಳುವುದು ಒಳ್ಳೆಯದು. ಹೊಸ ಚಾಟ್ ಶುರುಮಾಡುವ ಪುಟದಲ್ಲಿ ಸ್ವಂತ ಹೆಸರನ್ನೇ ಆರಿಸಿದರೆ ಆ ಚಾಟ್ ತೆರೆಯುತ್ತದೆ. ಬಾಕಿ ಕೆಲಸದ ಪಟ್ಟಿ ಅಲ್ಲಿ ಒಂದೇ ಕಡೆ ಕೂರುತ್ತದೆ. ಅದಾದ ಮೇಲೆ Unstar all ಒತ್ತಬಹುದು.

ಗುರುತು ತೆಗೆದ ಮೇಲೆ ನೆನಪಿಡಬೇಕಾದ ಇನ್ನೊಂದು ಮಾತಿದೆ. ಯಾವುದಾದರೂ ಚಾಟ್‌ಗೆ Clear chat ಕೊಟ್ಟಾಗ, ನಕ್ಷತ್ರದ ಸಂದೇಶಗಳನ್ನೂ ಅಳಿಸಬೇಕೇ ಅಥವಾ ಉಳಿಸಬೇಕೇ ಎಂದು ವಾಟ್ಸ್‌ಆ್ಯಪ್ ಕೇಳುತ್ತದೆ. ಉಳಿಸು ಎಂದರೆ ಗುರುತಿರುವವು ಉಳಿಯುತ್ತವೆ, ಮಿಕ್ಕವು ಹೋಗುತ್ತವೆ. ಹಾಗಾಗಿ ನಕ್ಷತ್ರ ಒಂದು ಕಾವಲಿನ ಕೆಲಸವನ್ನೂ ಮಾಡುತ್ತದೆ. ಇವತ್ತು ಎಲ್ಲ ಗುರುತು ತೆಗೆದು, ತಿಂಗಳ ನಂತರ ಹಳೆಯ ಅಭ್ಯಾಸದಂತೆ ನಕ್ಷತ್ರದವು ಉಳಿಯುತ್ತವೆಂಬ ನಂಬಿಕೆಯಲ್ಲಿ ಚಾಟ್ ಖಾಲಿ ಮಾಡಿದರೆ, ಉಳಿಯಲು ಅಲ್ಲಿ ಏನೂ ಇರುವುದಿಲ್ಲ. ಗಿರಾಕಿಗಳ ಚಾಟ್‌ಗಳನ್ನು ಆಗಾಗ ಖಾಲಿ ಮಾಡುವ ರೂಢಿ ಇರುವವರು Unstar all ಬಿಟ್ಟು, ಬೇಡವಾದ ಗುರುತುಗಳನ್ನು ಒಂದೊಂದಾಗಿ ತೆಗೆಯುವುದೇ ಮೇಲು.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಒಬ್ಬ ಗಿರಾಕಿಯ ಚಾಟ್ ತೆರೆದು, ಹುಡುಕುವ ಜಾಗದಲ್ಲಿ ಅಳತೆಯ ಸಂದೇಶದ ಒಂದು ಪದ ಬರೆದು ನೋಡಿ. ಸಂದೇಶ ಸಿಕ್ಕಿ, ಅದರ ಮೂಲೆಯ ಪುಟ್ಟ ನಕ್ಷತ್ರ ಮಾತ್ರ ಇಲ್ಲದಿದ್ದರೆ ಕೆಲಸ ಆಗಬೇಕಾದಂತೆಯೇ ಆಗಿದೆ.

ಇನ್ನು ಸ್ಟಿಕ್ಕರುಗಳು. ವಾಟ್ಸ್‌ಆ್ಯಪ್‌ಗೆ ಇವು ಬಂದದ್ದು 2018ರಲ್ಲಿ. ಅಂದಿನಿಂದ ಹಬ್ಬಕ್ಕೊಂದು, ಚುನಾವಣೆಗೊಂದು, ಸಿನಿಮಾಕ್ಕೊಂದು ಎಂಬಂತೆ ಸೇರುತ್ತಲೇ ಇವೆ. ಬರೆಯುವ ಜಾಗದ ಪಕ್ಕದಿಂದ ಸ್ಟಿಕ್ಕರ್ ಪುಟ ತೆರೆದರೆ ಗಡಿಯಾರದ ಚಿತ್ರದಡಿ ಈಚೆಗೆ ಕಳಿಸಿದವು, ನಕ್ಷತ್ರದ ಚಿತ್ರದಡಿ ನಾವು ಮೆಚ್ಚಿ ಉಳಿಸಿಕೊಂಡವು, ಆಮೇಲೆ ಇಡಿಯಾಗಿ ಇಳಿಸಿಕೊಂಡ ಕಟ್ಟುಗಳು ಕಾಣುತ್ತವೆ. ಈ ನಕ್ಷತ್ರಕ್ಕೂ ಸಂದೇಶದ ನಕ್ಷತ್ರಕ್ಕೂ ಸಂಬಂಧವಿಲ್ಲ. ಮೆಚ್ಚಿನವುಗಳಿಂದ ಒಂದನ್ನು ತೆಗೆಯಲು ಅದನ್ನು ಒತ್ತಿ ಹಿಡಿದು, ತೆಗೆಯುವ ಆಯ್ಕೆ ಒತ್ತಿದರೆ ಸಾಕು. ಇಡೀ ಕಟ್ಟು ಬೇಡವಾದರೆ ಅದೇ ಪುಟದ ಕೂಡಿಸುವ ಚಿಹ್ನೆ ಒತ್ತಿ, ನಮ್ಮ ಸ್ಟಿಕ್ಕರುಗಳ ಪಟ್ಟಿಗೆ ಹೋಗಿ ಅದನ್ನು ಅಳಿಸಬೇಕು. ಬೇರೆ ಆ್ಯಪ್‌ನಿಂದ ಸೇರಿಸಿದ ಕಟ್ಟಾದರೆ ಆ ಆ್ಯಪನ್ನೇ ಫೋನಿನಿಂದ ತೆಗೆಯಬಹುದು, ಕಟ್ಟೂ ಹೋಗುತ್ತದೆ. ಈ ಯಾವ ದಾರಿಯಲ್ಲಿ ತೆಗೆದರೂ ಹಿಂದೆ ಕಳಿಸಿದ, ಬಂದ ಸ್ಟಿಕ್ಕರುಗಳು ಚಾಟ್‌ಗಳಲ್ಲಿ ಇದ್ದಲ್ಲೇ ಇರುತ್ತವೆ.

ಹಾಳಾಗುವುದು ಫೈಲ್ ಮ್ಯಾನೇಜರ್ ಮೂಲಕ ನುಗ್ಗಿದಾಗ. ಆಂಡ್ರಾಯ್ಡ್‌ನಲ್ಲಿ WhatsApp Stickers ಎಂಬ ಫೋಲ್ಡರ್ ಇದೆ. ಹೆಸರು ನೋಡಿದರೆ ಉಳಿಸಿದ ಸ್ಟಿಕ್ಕರುಗಳ ಗೂಡು ಇದೇ ಎನಿಸುತ್ತದೆ. ಆದರೆ ಚಾಟ್‌ಗಳಲ್ಲಿ ಕಾಣುವ ಸ್ಟಿಕ್ಕರುಗಳ ಫೈಲುಗಳೂ ಅಲ್ಲೇ ಇರುತ್ತವೆ. ಫೋಲ್ಡರ್ ಖಾಲಿ ಮಾಡಿದರೆ ಹಳೆಯ ಚಾಟ್‌ಗಳಲ್ಲಿ ಸ್ಟಿಕ್ಕರಿನ ಜಾಗ ಬರಿದಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಿಂದ ಆ್ಯಪ್‌ಗಳ ಪುಟಕ್ಕೆ ಹೋದರೆ ಕಾಣುವ Clear data, ಅಥವಾ ಕೆಲವು ಫೋನುಗಳಲ್ಲಿ Clear storage, ಇನ್ನೂ ದೊಡ್ಡ ಅನಾಹುತ. ಅದು ಪಟ್ಟಿ, ಚಾಟ್ ಎಂದು ನೋಡುವುದಿಲ್ಲ. ವಾಟ್ಸ್‌ಆ್ಯಪನ್ನು ಹೊಸದಾಗಿ ಹಾಕಿದ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಮತ್ತೆ ನಂಬರ್ ದೃಢಪಡಿಸಿ ಬ್ಯಾಕಪ್‌ನಿಂದ ಎತ್ತಿಕೊಳ್ಳಬೇಕು, ಬ್ಯಾಕಪ್ ಇಲ್ಲದಿದ್ದರೆ ಏನೂ ಬರುವುದಿಲ್ಲ. ಪಕ್ಕದಲ್ಲೇ ಇರುವ Clear cache ತಾತ್ಕಾಲಿಕ ಫೈಲುಗಳನ್ನಷ್ಟೇ ತೆಗೆಯುತ್ತದೆ, ಆದರೆ ನಮ್ಮ ಈ ಮೂರು ಕೆಲಸಕ್ಕೂ ಅದರಿಂದ ಉಪಯೋಗವಿಲ್ಲ.

ಬ್ಯಾಕಪ್ ವಿಷಯದಲ್ಲಿ ಒಂದು ಕ್ರಮವಿದೆ. ಕೆಲಸ ಶುರುಮಾಡುವ ಮೊದಲು Chat backup ಪುಟದಲ್ಲಿ ಒಂದು ಬ್ಯಾಕಪ್ ತೆಗೆದುಕೊಂಡರೆ ಕೈತಪ್ಪಿ ಏನಾದರೂ ಹೋದಾಗ ಅದೇ ಆಸರೆ. ಆದರೆ ಆಂಡ್ರಾಯ್ಡ್‌ನಲ್ಲಿ ಕರೆಗಳ ಪಟ್ಟಿ, ನಕ್ಷತ್ರದ ಗುರುತು ಎಲ್ಲವೂ ಸಂದೇಶಗಳ ಜೊತೆಗೇ ಆ ಬ್ಯಾಕಪ್‌ನಲ್ಲಿ ಸೇರಿರುತ್ತವೆ. ಫೋನ್ ಬದಲಿಸಿ ಆ ಹಳೆಯ ಬ್ಯಾಕಪ್ ಎತ್ತಿಕೊಂಡರೆ ಅಳಿಸಿದ್ದೆಲ್ಲ ಮರಳಿ ಬಂದು ಕೂರುತ್ತದೆ. ಪಟ್ಟಿಗಳನ್ನು ಖಾಲಿ ಮಾಡಿ, ಚಾಟ್‌ಗಳು ಸರಿಯಾಗಿವೆಯೆಂದು ನೋಡಿಕೊಂಡ ಮೇಲೆ ಇನ್ನೊಂದು ಬ್ಯಾಕಪ್ ತೆಗೆಯಿರಿ.

ಫೋನಿನಲ್ಲಿ ಜಾಗ ಸಾಲುತ್ತಿಲ್ಲವೆಂದು ಈ ಕೆಲಸಕ್ಕೆ ಕೈಹಾಕುವವರು ಒಂದು ವಿಷಯ ತಿಳಿದಿರಬೇಕು. ಕರೆಗಳ ಪಟ್ಟಿ ಬರೀ ಸಾಲುಗಳು, ನಕ್ಷತ್ರ ಬರೀ ಗುರುತು. ಎರಡನ್ನೂ ತೆಗೆದರೂ ಜಾಗ ಉಳಿಯಿತೆಂದು ಹೇಳುವಷ್ಟು ಉಳಿಯುವುದಿಲ್ಲ. ಸ್ಟಿಕ್ಕರೂ ಚಿಕ್ಕದೇ. ಅಲುಗಾಡದ ಸ್ಟಿಕ್ಕರಿಗೆ ವಾಟ್ಸ್‌ಆ್ಯಪ್ ಇಟ್ಟಿರುವ ಮಿತಿ 100 ಕೆಬಿ, ಅಲುಗಾಡುವುದಕ್ಕೆ 500 ಕೆಬಿ. ಮದುವೆಯ ಒಂದು ವಿಡಿಯೊ ಇಂಥ ನೂರಾರು ಸ್ಟಿಕ್ಕರುಗಳಷ್ಟು ಜಾಗ ತಿನ್ನುತ್ತದೆ. ಜಾಗವೇ ಬೇಕಿದ್ದವರು ಸೆಟ್ಟಿಂಗ್ಸ್‌ನ Manage storage ತೆರೆದು, ದೊಡ್ಡ ವಿಡಿಯೊಗಳನ್ನು ಒಂದೊಂದಾಗಿ ನೋಡಿ ತೆಗೆಯಬೇಕು. ಆದರೆ ಅಲ್ಲಿ ಅಳಿಸಿದ್ದು ಚಾಟ್‌ನಿಂದಲೇ ಹೋಗುತ್ತದೆ.