ಗಿರಾಕಿ ಬಾರದ ಅಂಗಡಿ

2011ರಲ್ಲಿ ಬಂದ ‘ಸ್ಕೈರಿಮ್’ ವಿಡಿಯೋ ಗೇಮಿನ ವೈಟ್‌ರನ್ ಊರಲ್ಲಿ ಬೆಲೆಥಾರ್ ಎಂಬ ಅಂಗಡಿಯವನಿದ್ದಾನೆ. ಹಳೆಯ ಕತ್ತಿ, ಔಷಧಿ, ಏನು ತಂದರೂ ಕೊಳ್ಳುತ್ತಾನೆ. ನಾಯಕ ಮರಳಿ ಬರದಿದ್ದರೆ ಅವನಿಗೆ ಗೊತ್ತಾಗುತ್ತದೆಯೇ? ಈ ಪ್ರಶ್ನೆಯಿಂದ ಕಥೆ ಹೆಣೆಯುವವರು ಮೊದಲು ಅಲ್ಲಿನ ಗಡಿಯಾರವನ್ನು ಅರಿಯಬೇಕು.

ಆಟದಲ್ಲಿ ಕಾಲ ನಮ್ಮದಕ್ಕಿಂತ 20 ಪಟ್ಟು ವೇಗ. ಆಟದ 48 ಗಂಟೆ, ಅಂದರೆ ನಮ್ಮ ಸುಮಾರು ಎರಡೂವರೆ ಗಂಟೆ ಕಳೆದರೆ ಬೆಲೆಥಾರನ ಗಲ್ಲಾಪೆಟ್ಟಿಗೆ ಮತ್ತೆ ತುಂಬುತ್ತದೆ, ಸರಕು ಬದಲಾಗುತ್ತದೆ. ನಾಯಕ ಮಾರಿಹೋದ ಕತ್ತಿಯೂ ಮಾಯ. ನೆನಪಿಗೆಂದು ಅವನ ಬಳಿ ಏನೂ ಉಳಿಯುವುದಿಲ್ಲ.

ನಾಯಕ ಬೇರೆ ಊರಿನಲ್ಲಿದ್ದರೆ ಗಡಿಯಾರವಾದರೂ ಓಡುತ್ತಿರುತ್ತದೆ. ಆಡುವವರೇ ಆಟ ಬಿಟ್ಟರೆ ಅದೂ ನಿಲ್ಲುತ್ತದೆ. ಸೇವ್ ಮಾಡಿದ ಕಡತದಲ್ಲಿ ಹತ್ತು ವರ್ಷದ ಬಳಿಕವೂ ಅದೇ ಮಧ್ಯಾಹ್ನ. ಕಾಯಬೇಕೆಂದರೂ ಬೆಲೆಥಾರನಿಗೆ ಕಾಲವಿಲ್ಲ. ನನಗೆ ಅತಿ ಹೆಚ್ಚು ನೋವುಂಟುಮಾಡುವುದು ಇದೇ.

ಹಾಗಾಗಿ ಕಥೆಗಾರ ಆಟದ ಒಂದೇ ಒಂದು ನಿಯಮ ಮುರಿದರೆ ಸಾಕು: ಸರಕು ಬದಲಾದರೂ ಆ ಕತ್ತಿ ಅಂಗಡಿಯಲ್ಲೇ ಉಳಿಯಲಿ. ಬೆಳಿಗ್ಗೆ ಬಾಗಿಲು ತೆರೆದ ಬೆಲೆಥಾರ್ ಅದನ್ನು ಕೈಗೆತ್ತಿಕೊಂಡು, ತಂದವನು ಯಾರೆಂದು ಯೋಚಿಸತೊಡಗಲಿ.